ಪಟ್ಟಿಯ ಮೇಲಿನ ತಿಂಗಳು ಯಾವತ್ತು ಮುಗಿಯುತ್ತದೆ?



ಮನೆಯಲ್ಲಿರುವ ಯಾವುದಾದರೂ ಮಾತ್ರೆ ಪಟ್ಟಿಯನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಹಿಂಬದಿಯ ಬೆಳ್ಳಿ ಬಣ್ಣದ ಹಾಳೆಯ ಮೇಲೆ ಮೂರು ಸಾಲು ಇರುತ್ತವೆ. ಮೊದಲ ಸಾಲು ಬ್ಯಾಚ್ ನಂಬರು, ಎರಡನೆಯದು ತಯಾರಾದ ತಿಂಗಳು, ಮೂರನೆಯದು ಅವಧಿ ಮುಗಿಯುವ ತಿಂಗಳು. ಮೂರನೆಯ ಸಾಲಿನಲ್ಲಿ ಇ, ಎಕ್ಸ್, ಪಿ ಎಂಬ ಮೂರು ಅಕ್ಷರ, ಅದರ ಪಕ್ಕದಲ್ಲಿ ಜೂನ್ 2027 ಎಂದಿದೆ ಅಂದುಕೊಳ್ಳೋಣ. ತಿಂಗಳಿದೆ, ವರ್ಷವಿದೆ, ತಾರೀಕು ಮಾತ್ರ ಇಲ್ಲ. ಹಾಗಾದರೆ ಈ ಮಾತ್ರೆಯನ್ನು ಯಾವ ದಿನದವರೆಗೆ ನುಂಗಬಹುದು? ಜೂನ್ ಒಂದನೇ ತಾರೀಕು ಬಂದ ಕೂಡಲೇ ಬಿಸಾಡಬೇಕೇ? ತಯಾರಾದ ತಾರೀಕನ್ನು ಹುಡುಕಿ ಅಲ್ಲಿಂದ ಎಣಿಸಬೇಕೇ? ಅಥವಾ ತಿಂಗಳು ಪೂರ್ತಿ ಕಳೆಯುವವರೆಗೂ ನಡೆಯುತ್ತದೆಯೇ?

ಔಷಧದ ಅಂಗಡಿಯ ಕೌಂಟರಿನ ಹಿಂದೆ ನಿಂತವರಿಗೆ ಈ ಪ್ರಶ್ನೆ ಹೊಸದಲ್ಲ. ಜೂನ್ ಎರಡನೇ ತಾರೀಕು ಒಬ್ಬ ಅಜ್ಜಿ ಪಟ್ಟಿ ಹಿಡಿದುಕೊಂಡು ಬರುತ್ತಾರೆ. "ಇದು ಮುಗಿದು ಹೋಯ್ತಲ್ಲಪ್ಪಾ, ನಿನ್ನೆಯೇ ಜೂನ್ ಹುಟ್ಟಿತು, ಬೇರೆ ಕೊಡು" ಎನ್ನುತ್ತಾರೆ. "ಇಲ್ಲಜ್ಜೀ, ಜೂನ್ ಹುಟ್ಟಿದರೆ ಮುಗಿಯೋದಲ್ಲ, ಜೂನ್ ಕಳೆದ ಮೇಲೆ ಮುಗಿಯೋದು. ಮೂವತ್ತನೇ ತಾರೀಕು ರಾತ್ರಿವರೆಗೂ ತಗೊಳ್ಳಿ" ಎಂದರೆ ಅರೆಮನಸ್ಸಿನಿಂದ ಹೊರಡುತ್ತಾರೆ. ಹತ್ತು ನಿಮಿಷ ಕಳೆದ ಮೇಲೆ ಇನ್ನೊಬ್ಬರು ಬಂದು, ಹೋದ ತಿಂಗಳು ಮುಗಿದ ಪಟ್ಟಿ ತೋರಿಸಿ, "ಜೂನ್ ಇಡೀ ನಡೆಯುತ್ತೆ ಅಲ್ವಾ, ಒಂದು ತಿಂಗಳು ಗ್ರೇಸ್ ಇರುತ್ತಂತಲ್ಲ" ಎನ್ನುತ್ತಾರೆ. ಒಬ್ಬರು ಒಳ್ಳೆಯ ಔಷಧವನ್ನು ಇಪ್ಪತ್ತೆಂಟು ದಿನ ಮೊದಲೇ ಎಸೆಯಲು ಹೊರಟಿದ್ದರು, ಇನ್ನೊಬ್ಬರು ಇಲ್ಲದ ಗಡುವನ್ನು ನಂಬಿಕೊಂಡಿದ್ದರು.

ಉತ್ತರ ಕಾನೂನಿನಲ್ಲೇ ಇದೆ. ನಮ್ಮ ದೇಶದಲ್ಲಿ ಔಷಧದ ಲೇಬಲ್ ಹೇಗಿರಬೇಕೆಂದು ಹೇಳುವುದು 1945ರ ಔಷಧ ನಿಯಮಗಳ 96ನೇ ನಿಯಮ. ಅವಧಿ ಮುಗಿಯುವುದನ್ನು ತಿಂಗಳು ಮತ್ತು ವರ್ಷದಲ್ಲಿ ನಮೂದಿಸಬೇಕು, ಆ ತಿಂಗಳ ಕೊನೆಯ ದಿನದವರೆಗೆ ಔಷಧದ ಬಳಕೆಗೆ ಶಿಫಾರಸು ಇದೆ ಎಂದೇ ಅದರ ಅರ್ಥ ಎಂದು ಅಲ್ಲಿ ಹೇಳಿದೆ. ಜೂನ್ 2027 ಎಂದಿದ್ದರೆ 2027ರ ಜೂನ್ 30. ರಾತ್ರಿ ಊಟವಾದ ಮೇಲಿನ ಮಾತ್ರೆಯೂ ಆ ದಿನಕ್ಕೆ ಸೇರಿದ್ದೇ. ಜುಲೈ ಒಂದರ ಬೆಳಗಿನ ಮಾತ್ರೆ ಸೇರುವುದಿಲ್ಲ. ಗ್ರೇಸ್ ಎಂಬುದು ಯಾವ ನಿಯಮದಲ್ಲೂ ಇಲ್ಲ.

ಇಷ್ಟು ಕೇಳಿದ ಮೇಲೂ ಕೆಲವರಿಗೆ ನಂಬಿಕೆ ಬರುವುದಿಲ್ಲ. ಅಂಥವರು ಕಾನೂನಿನ ಪುಸ್ತಕ ತೆರೆಯಬೇಕಾಗಿಲ್ಲ, ಸಾಕ್ಷಿ ಪಟ್ಟಿಯ ಮೇಲೆಯೇ ಇದೆ. ಎರಡನೆಯ ಸಾಲನ್ನೂ ಮೂರನೆಯ ಸಾಲನ್ನೂ ಜೋಡಿಸಿ ನೋಡಿ. ಅವಧಿ ಜೂನ್ 2027 ಎಂದಿರುವ ಪಟ್ಟಿಯಲ್ಲಿ ತಯಾರಾದದ್ದು ಸಾಮಾನ್ಯವಾಗಿ ಜುಲೈ 2025 ಎಂದಿರುತ್ತದೆ. ಜುಲೈನಲ್ಲಿ ಹುಟ್ಟಿದ್ದು ಜೂನ್‌ನಲ್ಲಿ ಮುಗಿಯುವುದೇಕೆ? ಈ ಮಾತ್ರೆಯ ಬಾಳಿಕೆ ಇಪ್ಪತ್ತನಾಲ್ಕು ತಿಂಗಳು. 2025ರ ಜುಲೈ 1ರಿಂದ 2027ರ ಜೂನ್ 30ರವರೆಗೆ ಎಣಿಸಿ, ಸರಿಯಾಗಿ ಎರಡು ವರ್ಷ. ಜೂನ್ 1ಕ್ಕೇ ಮುಗಿಯುತ್ತದೆ ಎಂದು ಓದಿದರೆ ಬಾಳಿಕೆ ಇಪ್ಪತ್ತಮೂರು ತಿಂಗಳಿಗೆ ಇಳಿಯುತ್ತದೆ. ಇಪ್ಪತ್ತಮೂರು ತಿಂಗಳ ಬಾಳಿಕೆ ಎಂದು ಯಾವ ಕಂಪನಿಯೂ ಲೆಕ್ಕ ಹಾಕಿಕೊಂಡು ಕೂರುವುದಿಲ್ಲ. ಹದಿನೆಂಟು, ಇಪ್ಪತ್ತನಾಲ್ಕು, ಮೂವತ್ತಾರು, ಹೀಗೆ ಇರುತ್ತದೆ ಅವರ ಲೆಕ್ಕ.

ಒಂದು ತಿಂಗಳು ಹಿಂದಕ್ಕೆ ಸರಿಸಿ ಅಚ್ಚು ಹಾಕುವುದಕ್ಕೂ ಕಾರಣವಿದೆ. ಆ ಬ್ಯಾಚು ಜುಲೈ 20ರಂದು ತಯಾರಾಯಿತು ಎನ್ನಿ. ಎರಡು ವರ್ಷ ತುಂಬುವುದು 2027ರ ಜುಲೈ 19ಕ್ಕೆ. ಆಗ ಜುಲೈ 2027 ಎಂದು ಅಚ್ಚು ಹಾಕಿದರೆ, ತಿಂಗಳ ಕೊನೆಯವರೆಗೆ ಎಂಬ ನಿಯಮದಂತೆ ಜನ 31ರವರೆಗೂ ನುಂಗುತ್ತಾರೆ. ಪರೀಕ್ಷೆಯಲ್ಲಿ ರುಜುವಾತಾದ ಬಾಳಿಕೆಗಿಂತ ಹನ್ನೆರಡು ದಿನ ಹೆಚ್ಚಾಯಿತು. ಹಾಗಾಗಬಾರದೆಂದೇ ಜೂನ್ ಎಂದು ಹಾಕುತ್ತಾರೆ. ತಿಂಗಳಲ್ಲಿ ಯಾವ ದಿನ ತಯಾರಾದರೂ, ಜೂನ್ ಕೊನೆಯ ದಿನ ಎರಡು ವರ್ಷದ ಗಡಿಯನ್ನು ದಾಟುವುದಿಲ್ಲ. ಅಂದರೆ ಗಡಿಯ ಎಚ್ಚರವನ್ನು ಅವರೇ ಮುಂಚಿತವಾಗಿ ವಹಿಸಿದ್ದಾರೆ. ನಾವು ಅದರ ಮೇಲೆ ಇನ್ನೊಂದು ತಿಂಗಳು ಕಳೆದು ಒಳ್ಳೆಯ ಮಾತ್ರೆಯನ್ನು ಎಸೆಯುವ ಅಗತ್ಯವಿಲ್ಲ. ಕೆಲವು ಪಟ್ಟಿಗಳಲ್ಲಿ ಎರಡೂ ಸಾಲಿನಲ್ಲಿ ಒಂದೇ ತಿಂಗಳ ಹೆಸರು, ವರ್ಷ ಮಾತ್ರ ಬೇರೆ ಎಂದು ಕಂಡರೆ ಗೊಂದಲಕ್ಕೆ ಬೀಳಬೇಡಿ. ಓದುವ ಕ್ರಮ ಅದೇ: ಅಚ್ಚಾಗಿರುವ ತಿಂಗಳ ಕೊನೆಯ ದಿನ.

ಇಷ್ಟೆಲ್ಲ ಲೆಕ್ಕ ಹಾಕುವವರು ತಾರೀಕನ್ನೇ ಅಚ್ಚು ಹಾಕಬಾರದೇ ಎಂದು ಕೇಳಬಹುದು. ಬಾಳಿಕೆ ಗೊತ್ತಾಗುವ ಬಗೆಯನ್ನು ನೋಡಿದರೆ ತಿಂಗಳೇ ಸಹಜ ಅನಿಸುತ್ತದೆ. ಕಂಪನಿಯವರು ಒಂದು ಬ್ಯಾಚಿನ ಮಾತ್ರೆಗಳನ್ನು ಇಂತಿಷ್ಟೇ ಶಾಖ, ಇಂತಿಷ್ಟೇ ತೇವ ಎಂದು ಕಟ್ಟುಮಾಡಿದ ಕೋಣೆಯಲ್ಲಿ ಇಡುತ್ತಾರೆ. ಮೂರು, ಆರು, ಒಂಬತ್ತು, ಹನ್ನೆರಡು, ಹದಿನೆಂಟು, ಇಪ್ಪತ್ತನಾಲ್ಕು ತಿಂಗಳಾದಾಗ ತೆಗೆದು ಪರೀಕ್ಷೆ ಮಾಡುತ್ತಾರೆ. ಔಷಧದ ಅಂಶ ಎಷ್ಟು ಉಳಿದಿದೆ, ಮಾತ್ರೆ ಒಡೆದು ಎಂಥ ಬೇರೆ ಪದಾರ್ಥಗಳಾಗಿವೆ, ನೀರಿನಲ್ಲಿ ಎಷ್ಟು ಬೇಗ ಕರಗುತ್ತದೆ ಎಂದೆಲ್ಲ ನೋಡುತ್ತಾರೆ. ಲೇಬಲ್ಲಿನಲ್ಲಿ ಹೇಳಿದ ಪ್ರಮಾಣದಲ್ಲಿ ನೂರಕ್ಕೆ 90ರಷ್ಟಾದರೂ ಉಳಿದಿರಬೇಕು ಎಂಬುದು ಹಲವು ಮಾತ್ರೆಗಳಿಗಿರುವ ಮಿತಿ. ಪರೀಕ್ಷೆಯೇ ತಿಂಗಳ ಲೆಕ್ಕದಲ್ಲಿ ನಡೆಯುವುದರಿಂದ ಉತ್ತರವೂ ತಿಂಗಳಲ್ಲೇ ಬರುತ್ತದೆ. ಜೂನ್ 30ರ ನಡುರಾತ್ರಿ ಮಾತ್ರೆಯೊಳಗೆ ಏನೋ ಆಗಿ ಅದು ವಿಷವಾಗುವುದಿಲ್ಲ. ಇಷ್ಟು ಶಕ್ತಿ ಇರುತ್ತದೆ ಎಂದು ತಯಾರಿಸಿದವರು ಕೊಟ್ಟ ಭರವಸೆ ಆ ರಾತ್ರಿಗೆ ಮುಗಿಯುತ್ತದೆ. ಅದರಾಚೆ ಎಷ್ಟು ಉಳಿದಿದೆ ಎಂದು ಮಾತ್ರೆಯನ್ನು ಕಣ್ಣಿನಿಂದ ನೋಡಿ, ಮೂಸಿ ಹೇಳಲಾಗದು. ಮೂರ್ಛೆರೋಗ, ಹೃದಯ, ಥೈರಾಯ್ಡ್, ಸಕ್ಕರೆ ಕಾಯಿಲೆ ಇವುಗಳ ಔಷಧದಲ್ಲಿ ಅಂಶ ಸ್ವಲ್ಪ ತಗ್ಗಿದರೂ ದೇಹಕ್ಕೆ ಗೊತ್ತಾಗುತ್ತದೆ. ಆದ್ದರಿಂದ ಒಂದು ದಿನವೂ ಮೀರಬೇಡಿ ಎಂದು ಹಟ ಹಿಡಿಯುತ್ತೇನೆ.

ತಿಂಗಳ ಕೊನೆಯ ದಿನ ಯಾವುದು ಎಂಬುದಕ್ಕೆ ಕ್ಯಾಲೆಂಡರ್ ಬೇಡ, ಮುಷ್ಟಿ ಸಾಕು. ಮುಷ್ಟಿ ಬಿಗಿದು ಬೆರಳಿನ ಗೆಣ್ಣುಗಳ ಮೇಲೆ ಜನವರಿಯಿಂದ ಎಣಿಸುವುದನ್ನು ಶಾಲೆಯಲ್ಲಿ ಕಲಿತಿದ್ದೇವೆ: ಗೆಣ್ಣಿನ ಮೇಲೆ ಬಿದ್ದ ತಿಂಗಳಿಗೆ 31, ನಡುವಿನ ತಗ್ಗಿಗೆ ಬಿದ್ದ ತಿಂಗಳಿಗೆ 30. ಜುಲೈಗೆ ಕೊನೆಯ ಗೆಣ್ಣು ಮುಗಿಯುತ್ತದೆ, ಆಗಸ್ಟ್‌ಗೆ ಮತ್ತೆ ಮೊದಲ ಗೆಣ್ಣಿಗೆ ಬರಬೇಕು, ಅದಕ್ಕೇ ಎರಡಕ್ಕೂ 31. ಫೆಬ್ರವರಿ ಮಾತ್ರ ತಗ್ಗಿಗೆ ಬಿದ್ದರೂ ಬೇರೆ. 2027ರ ಫೆಬ್ರವರಿ ಎಂದಿದ್ದರೆ 28ನೇ ತಾರೀಕು, 2028ರ ಫೆಬ್ರವರಿ ಎಂದಿದ್ದರೆ ಅಧಿಕ ವರ್ಷವಾದ್ದರಿಂದ 29.

ಇನ್ನು ಅಚ್ಚಿನ ಬಗೆಗಳು. ತಿಂಗಳ ಹೆಸರಿನ ಮೂರು ಅಕ್ಷರ ಇದ್ದರೆ ತೊಂದರೆಯೇ ಇಲ್ಲ. 06/27 ಎಂದೋ, ನಡುವಿನ ಗೆರೆಯೂ ಇಲ್ಲದೆ 06 27 ಎಂದೋ ಇದ್ದಾಗ ಕೆಲವರು ಜೂನ್ 27 ಎಂದು ಓದಿಬಿಡುತ್ತಾರೆ. ಅದು ಜೂನ್ ತಿಂಗಳು, 2027ನೇ ಇಸವಿ. ಇಸವಿಯ ಕೊನೆಯ ಎರಡಂಕಿ ಈಗ ಹನ್ನೆರಡನ್ನು ದಾಟಿರುವುದರಿಂದ ಯಾವುದು ತಿಂಗಳು, ಯಾವುದು ವರ್ಷ ಎಂಬ ಅನುಮಾನ ಬರುವುದಿಲ್ಲ, ಹನ್ನೆರಡರ ಒಳಗಿರುವುದೇ ತಿಂಗಳು. ಸಕ್ಕರೆ ನೋಡುವ ಸ್ಟ್ರಿಪ್ಪಿನ ಡಬ್ಬಿ, ಸಿರಿಂಜು, ಇಂಥವುಗಳ ಮೇಲೆ ಅಕ್ಷರವೇ ಇರದೆ ಮರಳಿನ ಗಡಿಯಾರದ ಚಿಕ್ಕ ಚಿತ್ರವಿದ್ದು ಪಕ್ಕದಲ್ಲಿ 2027-06 ಎಂದು ಇಸವಿ ಮೊದಲು ಬಂದಿರುತ್ತದೆ. ಮರಳು ಗಡಿಯಾರವೆಂದರೆ ಅವಧಿ. ಕಾರ್ಖಾನೆಯ ಚಿತ್ರವಿದ್ದರೆ ಅದು ತಯಾರಾದ ದಿನ. ಎರಡನ್ನೂ ಅದಲುಬದಲು ಮಾಡಿಕೊಂಡು, ಹೊಸ ಡಬ್ಬಿಯನ್ನೇ ಹಳತೆಂದು ಹಿಂದಕ್ಕೆ ತಂದವರಿದ್ದಾರೆ.

ಯಂತ್ರಗಳೂ ತಿಂಗಳ ಕೊನೆಯ ದಿನದ ನಿಯಮವನ್ನೇ ಪಾಲಿಸುತ್ತವೆ. 2023ರ ಆಗಸ್ಟ್ 1ರಿಂದ ನಮ್ಮಲ್ಲಿ ಹೆಚ್ಚು ಮಾರಾಟವಾಗುವ 300 ಬ್ರಾಂಡುಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದರೊಳಗೆ ಬ್ಯಾಚ್ ನಂಬರು, ತಯಾರಾದ ದಿನ, ಅವಧಿ ಎಲ್ಲ ಇರಬೇಕು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಜಿಎಸ್1 ಎಂಬ ಬಾರ್‌ಕೋಡ್ ಪದ್ಧತಿಯಲ್ಲಿ ಅವಧಿಗೆ ಆರಂಕಿ: ವರ್ಷಕ್ಕೆ ಎರಡು, ತಿಂಗಳಿಗೆ ಎರಡು, ದಿನಕ್ಕೆ ಎರಡು. ದಿನ ಹೇಳಬೇಕಾಗಿಲ್ಲದಿದ್ದರೆ ಅಲ್ಲಿ ಎರಡು ಸೊನ್ನೆ ಬರುತ್ತದೆ. 270600 ಎಂದಿದ್ದರೆ ಆ ಸೊನ್ನೆಗಳನ್ನು ತಿಂಗಳ ಕೊನೆಯ ದಿನ ಎಂದು ಓದಬೇಕು, ಅಧಿಕ ವರ್ಷವಾದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಆ ಪದ್ಧತಿಯಲ್ಲೇ ಬರೆದಿಟ್ಟಿದ್ದಾರೆ. ನಮ್ಮ ಮುಷ್ಟಿಯ ಲೆಕ್ಕವೂ ಯಂತ್ರದ ಲೆಕ್ಕವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ.

ಒಂದು ಕಡೆ ಮಾತ್ರ ಈ ಲೆಕ್ಕ ತಿರುಗುತ್ತದೆ, ಅದನ್ನು ಗಮನವಿಟ್ಟು ಕೇಳಬೇಕು. ಲೇಬಲ್ಲಿನಲ್ಲಿ "ಎಕ್ಸ್‌ಪೈರಿ" ಎನ್ನುವ ಬದಲು "ಯೂಸ್ ಬಿಫೋರ್" ಅಥವಾ "ಯೂಸ್ ಬೈ" ಎಂದಿದ್ದರೆ? ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಇದರಲ್ಲಿ ಸ್ಪಷ್ಟವಾಗಿದೆ. ಎಕ್ಸ್‌ಪೈರಿ ಜುಲೈ ಎಂದಿದ್ದರೆ ಜುಲೈ 31ರವರೆಗೆ, ಯೂಸ್ ಬೈ ಅಥವಾ ಯೂಸ್ ಬಿಫೋರ್ ಜುಲೈ ಎಂದಿದ್ದರೆ ಜುಲೈ ಹುಟ್ಟುವ ಮೊದಲೇ, ಅಂದರೆ ಜೂನ್ 30ರೊಳಗೆ ಮುಗಿಸಬೇಕು ಎಂದು ಅವರು ಹೇಳುತ್ತಾರೆ. ಮಗನೋ ಮಗಳೋ ಲಂಡನ್ನಿನಿಂದಲೋ ಮ್ಯಾಂಚೆಸ್ಟರಿನಿಂದಲೋ ಬರುವಾಗ ವಿಟಮಿನ್ ಡಬ್ಬಿ, ಕೆಮ್ಮಿನ ಔಷಧ, ನೋವಿನ ಮಾತ್ರೆ ತರುವುದು ನಮ್ಮ ಎಷ್ಟೋ ಮನೆಗಳಲ್ಲಿ ಇದೆ. ಆ ಡಬ್ಬಿಗಳನ್ನು ಓದುವಾಗ ತಿಂಗಳಿನ ಹಿಂದಿರುವ ಮಾತನ್ನು ಮೊದಲು ಓದಿ. ನಮ್ಮಲ್ಲೂ ಮುಖಕ್ಕೆ ಹಚ್ಚುವ ಕ್ರೀಮು, ಶಾಂಪೂ ಮುಂತಾದವುಗಳ ಮೇಲೆ "ಯೂಸ್ ಬಿಫೋರ್" ಎಂದು ತಿಂಗಳು ವರ್ಷ ಕಾಣುತ್ತೇವೆ. ಅಲ್ಲಿಯೂ ಹಿಂದಿನ ತಿಂಗಳ ಕೊನೆಯ ದಿನವನ್ನೇ ಗಡಿ ಮಾಡಿಕೊಂಡರೆ ತಪ್ಪಾಗುವ ಪ್ರಶ್ನೆಯೇ ಇಲ್ಲ. ಮಾತು ಅಳಿಸಿಹೋಗಿ ತಿಂಗಳು ಮಾತ್ರ ಉಳಿದಿದ್ದರೂ ಹೀಗೆ ಮುಂಚಿನ ಗಡಿಯನ್ನೇ ಹಿಡಿಯಿರಿ.

ಈಗ ನಿಜವಾಗಿ ಎಡವುವ ಜಾಗಕ್ಕೆ ಬರೋಣ. ಪಟ್ಟಿಯ ಕೊನೆಯ ದಿನ ಗೊತ್ತಾದರೆ ಅರ್ಧ ಲೆಕ್ಕ ಆಯಿತು. ಆ ದಿನದೊಳಗೆ ನಾವು ಕೊಂಡ ಮಾತ್ರೆಗಳು ಖಾಲಿಯಾಗುತ್ತವೆಯೇ ಎಂಬುದು ಉಳಿದರ್ಧ. ಅಂಗಡಿಯವರು ಕಾನೂನಿನಂತೆ ಅವಧಿ ಮುಗಿದದ್ದನ್ನು ಮಾರುವ ಹಾಗಿಲ್ಲ. ಆದರೆ ಮುಗಿಯಲು ಎರಡು ತಿಂಗಳಿರುವುದನ್ನು ಮಾರುವುದು ತಪ್ಪಲ್ಲ. ಇವತ್ತು ಕೊಂಡದ್ದು ಇವತ್ತು ಚೆನ್ನಾಗಿದ್ದ ಮಾತ್ರಕ್ಕೆ ಕೊನೆಯ ಮಾತ್ರೆಯೂ ಗಡಿಯೊಳಗೇ ಬರುತ್ತದೆ ಎನ್ನಲಾಗದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ರಕ್ತದೊತ್ತಡದ ಮಾತ್ರೆ, ದಿನಕ್ಕೊಂದು, ಬೆಳಿಗ್ಗೆ. ಡಾಕ್ಟರು ಮೂರು ತಿಂಗಳಿಗೆ ಬರೆದಿದ್ದಾರೆ, ತೊಂಬತ್ತು ಮಾತ್ರೆ. ಹದಿನೈದರ ಪಟ್ಟಿಯಾದರೆ ಆರು ಪಟ್ಟಿ. 2027ರ ಏಪ್ರಿಲ್ 14ರ ಸಂಜೆ ಕೊಂಡಿರಿ, 15ರ ಬೆಳಿಗ್ಗೆಯಿಂದ ಶುರು. ಆರೂ ಪಟ್ಟಿಗಳ ಮೇಲೆ ಜೂನ್ 2027 ಎಂದಿದೆ. ಕೊಳ್ಳುವಾಗ ನೋಡಿದರೆ ಎರಡೂವರೆ ತಿಂಗಳಿದೆಯಲ್ಲ, ಸಾಕು ಅನಿಸುತ್ತದೆ. ಎಣಿಸಿ ನೋಡಿ. ಏಪ್ರಿಲ್ 15ರಿಂದ 30ರವರೆಗೆ ಹದಿನಾರು ಮಾತ್ರೆ. ಮೇ ತಿಂಗಳಿಗೆ ಮೂವತ್ತೊಂದು, ಒಟ್ಟು ನಲವತ್ತೇಳು. ಜೂನ್‌ಗೆ ಮೂವತ್ತು, ಒಟ್ಟು ಎಪ್ಪತ್ತೇಳು. ಜೂನ್ 30ರ ಬೆಳಿಗ್ಗೆ ಎಪ್ಪತ್ತೇಳನೆಯ ಮಾತ್ರೆ ನುಂಗಿದಾಗ ಅವಧಿ ಮುಗಿಯಿತು, ಕೈಯಲ್ಲಿ ಇನ್ನೂ ಹದಿಮೂರು ಉಳಿದವು. ತೊಂಬತ್ತನೆಯದು ಬರುವುದು ಜುಲೈ 13ಕ್ಕೆ.

ಇದಕ್ಕೆ ಆರೂ ಪಟ್ಟಿ ವಾಪಸು ಕೊಡಬೇಕಾಗಿಲ್ಲ. ಐದು ಪಟ್ಟಿ ಎಂದರೆ ಎಪ್ಪತ್ತೈದು ಮಾತ್ರೆ, ಅವು ಜೂನ್ 28ಕ್ಕೆ ಖಾಲಿಯಾಗುತ್ತವೆ, ಗಡಿಯ ಒಳಗೇ ಇವೆ. ಆರನೆಯ ಪಟ್ಟಿ ಜೂನ್ 29ಕ್ಕೆ ಶುರುವಾಗಿ ಜುಲೈ 13ಕ್ಕೆ ಮುಗಿಯುತ್ತದೆ, ಅದೊಂದಕ್ಕೆ ಜುಲೈ 2027 ಅಥವಾ ಅದಕ್ಕಿಂತ ಮುಂದಿನ ಅವಧಿಯದ್ದು ಬೇಕು. "ಒಂದು ಪಟ್ಟಿ ಮಾತ್ರ ಬೇರೆ ಬ್ಯಾಚಿನದ್ದು ಕೊಡಿ, ಜುಲೈನದ್ದೋ ಅದರ ಮುಂದಿನದ್ದೋ" ಎಂದು ಕೇಳಿದರೆ ಅಂಗಡಿಯವರಿಗೆ ತಕ್ಷಣ ಅರ್ಥವಾಗುತ್ತದೆ, ಇದ್ದರೆ ಖಂಡಿತ ಕೊಡುತ್ತಾರೆ. ಆಮೇಲೆ ಮನೆಯಲ್ಲಿ ಮುಂದಿನ ಅವಧಿಯ ಪಟ್ಟಿಯನ್ನು ಕೆಳಗೆ, ಬೇಗ ಮುಗಿಯುವವನ್ನು ಮೇಲೆ ಇಡಿ. ಹೊಸದನ್ನು ಮೊದಲು ಒಡೆದು ಹಳೆಯದನ್ನು ಉಳಿಸಿಕೊಂಡರೆ ಎಣಿಸಿದ್ದೆಲ್ಲ ವ್ಯರ್ಥ. ಇದೇ ತೊಂಬತ್ತು ಮಾತ್ರೆಗಳನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಬರೆದಿದ್ದರೆ ನಲವತ್ತೈದು ದಿನಕ್ಕೆ, ಮೇ 29ಕ್ಕೇ ಮುಗಿಯುತ್ತಿದ್ದವು, ಆಗ ಜೂನ್ ಎಂಬ ಅಚ್ಚಿನಿಂದ ಯಾವ ತೊಂದರೆಯೂ ಇರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸೀಲು ಒಡೆಯದ ಔಷಧದ ಮಾತು. ಮಾತ್ರೆಯ ಪಟ್ಟಿಯಲ್ಲಿ ಪ್ರತಿ ಮಾತ್ರೆಗೂ ಅದರದೇ ಗೂಡು, ಒಂದನ್ನು ತೆಗೆದರೆ ಪಕ್ಕದ್ದಕ್ಕೆ ಗಾಳಿ ತಾಗುವುದಿಲ್ಲ. ಬಾಟಲಿಗಳು ಹಾಗಲ್ಲ. ಮುಚ್ಚಳ ತೆರೆದ ದಿನದಿಂದ ಇನ್ನೊಂದು ಗಡಿ ಶುರುವಾಗುತ್ತದೆ, ಮತ್ತು ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ನಿಜವಾದ ಕೊನೆಯ ದಿನ.

ಕಣ್ಣಿನ ಹನಿಯ ಬಾಟಲಿಯನ್ನು ನೋಡಿ. ತೆರೆದ ಮೇಲೆ ಒಂದು ತಿಂಗಳೊಳಗೆ ಬಳಸಿ ಎಂದು ಹೆಚ್ಚಿನವುಗಳ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಪ್ರತಿ ಸಲ ಮುಚ್ಚಳ ತೆಗೆದಾಗಲೂ ತುದಿಗೆ ರೆಪ್ಪೆ, ಬೆರಳು, ಗಾಳಿಯ ದೂಳು ತಾಗಿ ಸೂಕ್ಷ್ಮಜೀವಿಗಳು ಒಳಗೆ ಸೇರಬಹುದು, ಅದಕ್ಕಾಗಿ ಈ ಮಿತಿ. ಬಾಟಲಿಯ ಮೇಲೆ ಮಾರ್ಚ್ 2028 ಎಂದಿದೆ, ನೀವು 2026ರ ಆಗಸ್ಟ್ 12ಕ್ಕೆ ತೆರೆದಿರಿ. ಕೊನೆಯ ದಿನ 2028ರಲ್ಲಿಲ್ಲ, 2026ರ ಸೆಪ್ಟೆಂಬರ್ 11ಕ್ಕೇ ಬಂದು ನಿಂತಿತು. ಅದೇ ದಿನ ತೆರೆದ ಇನ್ನೊಂದು ಬಾಟಲಿಯ ಮೇಲೆ ಆಗಸ್ಟ್ 2026 ಎಂದಿದ್ದರೆ ಒಂದು ತಿಂಗಳು ತುಂಬುವವರೆಗೆ ಕಾಯುವಂತಿಲ್ಲ, ಆಗಸ್ಟ್ 31ಕ್ಕೆ ಎತ್ತಿಡಬೇಕು. ಹಳೆಯ ಹನಿಯನ್ನು ಮುಂದಿನ ಸಲ ಕಣ್ಣು ಕೆಂಪಾದಾಗ ಬರುತ್ತದೆ ಎಂದು ಫ್ರಿಜ್ಜಿನ ಬಾಗಿಲಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಹಳ ಇದೆ. ಬಾಟಲಿಯ ಮೇಲೆ ದೂರದ ಇಸವಿ ಕಂಡು ಧೈರ್ಯ ಬರುತ್ತದೆ, ಆ ಇಸವಿ ಸೀಲಿಗೆ ಸೇರಿದ್ದು ಎಂಬುದು ಮರೆತುಹೋಗುತ್ತದೆ.

ಮಕ್ಕಳಿಗೆ ಕೊಡುವ ಪುಡಿ ಬಾಟಲಿಯ ಆಂಟಿಬಯಾಟಿಕ್ ಇನ್ನೂ ಚುರುಕು. ಪುಡಿಯಾಗಿದ್ದಾಗ ವರ್ಷಗಟ್ಟಲೆ ಬಾಳುವ ಔಷಧ, ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಕುಲುಕಿದ ಕ್ಷಣದಿಂದ ಒಡೆಯಲು ಶುರುವಾಗುತ್ತದೆ. ಅಮಾಕ್ಸಿಸಿಲಿನ್ ಕ್ಲಾವುಲನೇಟ್‌ನಂಥದ್ದನ್ನು ಫ್ರಿಜ್ಜಿನಲ್ಲಿಟ್ಟು ಏಳು ದಿನದೊಳಗೆ ಮುಗಿಸಬೇಕು. ಈಗ ಫೆಬ್ರವರಿಯ ಲೆಕ್ಕ ಜ್ಞಾಪಕ ಮಾಡಿಕೊಳ್ಳಿ. 2027ರ ಫೆಬ್ರವರಿ 27ರ ರಾತ್ರಿ ಮಗುವಿಗೆ ಜ್ವರ, ಡಾಕ್ಟರು ಐದು ದಿನಕ್ಕೆ ಬರೆದರು. ಅಂಗಡಿಯಲ್ಲಿ ಸಿಕ್ಕ ಬಾಟಲಿಯ ಮೇಲೆ ಫೆಬ್ರವರಿ 2027 ಎಂದಿದೆ. ಆ ದಿನ ಅದನ್ನು ಮಾರುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಆದರೆ ಗಡಿ ಮರುದಿನಕ್ಕೇ ಮುಗಿಯುತ್ತದೆ, ಔಷಧ ಬೇಕಾದದ್ದು ಮಾರ್ಚ್ 3ರವರೆಗೆ. ಆ ಬಾಟಲಿ ಬೇಡ ಎಂದು ಹೇಳಿ, ಬೇರೆ ಬಾಟಲಿ ಕೇಳಿ, ಅಲ್ಲಿಲ್ಲದಿದ್ದರೆ ಪಕ್ಕದ ಅಂಗಡಿಗೆ ಹೋಗಿ. ಕಲಸಿದ ಮೇಲೆ ಲೇಬಲ್ಲಿನ ಮೇಲೆ ಪೆನ್ನಿನಿಂದ ತಾರೀಕು ಬರೆಯಿರಿ. ಕಲಸಿದ ದಿನವನ್ನು ಒಂದನೇ ದಿನವಾಗಿ ಎಣಿಸಿದರೆ ಏಳನೇ ದಿನದ ನಂತರ ಉಳಿದದ್ದು ಎಷ್ಟೇ ಇರಲಿ, ಮುಂದಿನ ಜ್ವರಕ್ಕೆಂದು ಇಡಬಾರದು. ನೀರಿನಲ್ಲಿ ಕದಡಿದ ಓಆರ್‌ಎಸ್ ಪುಡಿಯ ಗಡಿ ಇದಕ್ಕಿಂತ ಹತ್ತಿರ, ಇಪ್ಪತ್ತನಾಲ್ಕು ಗಂಟೆ.

ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಈ ಎರಡು ಗಡಿಗಳ ಲೆಕ್ಕ ದಿನನಿತ್ಯದ್ದು. ಬಳಕೆಗೆ ತೆಗೆದ ಸೀಸೆಗೆ ಹೆಚ್ಚಿನ ಬಗೆಗಳಲ್ಲಿ ನಾಲ್ಕು ವಾರ ಎಂದಿರುತ್ತದೆ, ಕೆಲವು ಬಗೆಗಳಿಗೆ ಆರು ವಾರವೂ ಇದೆ. ನಿಮ್ಮದಕ್ಕೆ ಎಷ್ಟು ಎಂಬುದು ಪೆಟ್ಟಿಗೆಯೊಳಗಿನ ಮಡಿಸಿದ ಕಾಗದದಲ್ಲಿರುತ್ತದೆ. ಇಪ್ಪತ್ತೆಂಟು ದಿನದ್ದಾದರೆ, ಮಾರ್ಚ್ 5ಕ್ಕೆ ಮೊದಲ ಸಲ ಸೂಜಿ ಚುಚ್ಚಿದ ಸೀಸೆಯ ಕೊನೆಯ ದಿನ ಏಪ್ರಿಲ್ 1. ಒಳಗೆ ಇನ್ನೂ ಕಾಲು ಭಾಗ ಉಳಿದಿದ್ದರೂ ಅಷ್ಟೇ. ದಿನಕ್ಕೆ ಕಡಿಮೆ ಯೂನಿಟ್ ತೆಗೆದುಕೊಳ್ಳುವವರ ಸೀಸೆ ಖಾಲಿಯಾಗುವ ಮೊದಲೇ ದಿನ ತುಂಬುತ್ತದೆ. ದುಡ್ಡು ಕೊಟ್ಟದ್ದು ಹಾಳಾಗುತ್ತದಲ್ಲ ಎಂದು ಅವರು ಅದನ್ನೇ ಮುಂದುವರಿಸುತ್ತಾರೆ. ಆಮೇಲೆ ಊಟದಲ್ಲಿ ಏನೂ ಬದಲಾಗದೆ ಸಕ್ಕರೆ ಏರಿತಲ್ಲ ಎಂದು ಡಾಕ್ಟರ ಬಳಿ ಹೋಗುತ್ತಾರೆ. ಅಂಥವರು ದೊಡ್ಡ ಸೀಸೆಯ ಬದಲು ಚಿಕ್ಕ ಕಾರ್ಟ್ರಿಜ್ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳುವುದು ಒಳ್ಳೆಯದು.

ಅಚ್ಚಾದ ತಿಂಗಳಿಗೆ ಒಂದು ಷರತ್ತೂ ಇದೆ, ಅದು ಅದೇ ಲೇಬಲ್ಲಿನಲ್ಲಿ ಇನ್ನೊಂದು ಮೂಲೆಯಲ್ಲಿರುತ್ತದೆ: 30 ಡಿಗ್ರಿಗಿಂತ ಕೆಳಗೆ ಇಡಿ, 25 ಡಿಗ್ರಿಗಿಂತ ಕೆಳಗೆ ಇಡಿ, ಬೆಳಕು ತೇವ ತಾಗದಂತಿಡಿ ಎಂದು. ಹಾಗೆ ಇಟ್ಟರೆ ಮಾತ್ರ ಆ ತಿಂಗಳು. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಪಟ್ಟಿಗೆ, ಮಂಗಳೂರಿನ ಮಳೆಗಾಲದಲ್ಲಿ ಬಚ್ಚಲಿನ ಗೂಡಿನಲ್ಲಿಟ್ಟ ಡಬ್ಬಿಗೆ ಮೇಲಿನ ಲೆಕ್ಕ ಯಾವುದೂ ಅನ್ವಯಿಸದು. ಮಾತ್ರೆಯ ಮೇಲೆ ಚುಕ್ಕೆ ಬಿದ್ದಿದ್ದರೆ, ಅಂಟಾಗಿದ್ದರೆ, ಕ್ಯಾಪ್ಸೂಲ್ ಮೆತ್ತಗಾಗಿ ಒಂದಕ್ಕೊಂದು ಹತ್ತಿದ್ದರೆ, ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ ತಿಂಗಳು ಎಷ್ಟೇ ದೂರವಿದ್ದರೂ ಬಳಸಬೇಡಿ.

ಕೊನೆಗೆ ಕತ್ತರಿಯ ವಿಷಯ. ನಾಲ್ಕೇ ಮಾತ್ರೆ ಬೇಕೆಂದಾಗ ಅಂಗಡಿಯವರು ಪಟ್ಟಿಯನ್ನು ಕತ್ತರಿಸಿ ಕೊಡುತ್ತಾರೆ. ಹಲವು ಪಟ್ಟಿಗಳಲ್ಲಿ ಬ್ಯಾಚ್ ನಂಬರು ಮತ್ತು ಅವಧಿ ಒಂದೇ ತುದಿಯಲ್ಲಿರುತ್ತವೆ, ಕೆಲವುಗಳಲ್ಲಿ ಶಾಯಿಯೂ ಇಲ್ಲದೆ ಹಾಳೆಯನ್ನೇ ಒತ್ತಿ ಮೂಡಿಸಿದ ಉಬ್ಬು ಅಕ್ಷರ. ಅದನ್ನು ನೇರವಾಗಿ ಹಿಡಿದರೆ ಏನೂ ಕಾಣುವುದಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಮೆಲ್ಲಗೆ ಆಡಿಸಿದರೆ ನೆರಳು ಬಿದ್ದು ಅಂಕಿಗಳು ಎದ್ದು ಕಾಣುತ್ತವೆ. ಅಂಗಡಿಯವರು ತಾರೀಕಿನ ತುದಿಯನ್ನು ತಮ್ಮ ಬಳಿ ಉಳಿಸಿಕೊಳ್ಳಬೇಕಾಗುತ್ತದೆ, ಉಳಿದ ಮಾತ್ರೆಗಳನ್ನು ಅವರು ಮುಂದಿನವರಿಗೆ ಕೊಡಬೇಕಲ್ಲ. ಹಾಗಾಗಿ ನಿಮ್ಮ ತುಂಡಿನ ಮೇಲೆ ಏನೂ ಇರುವುದಿಲ್ಲ. ಬಿಲ್ಲು ಕೇಳಿ ಪಡೆಯಿರಿ, ಕಂಪ್ಯೂಟರ್ ಬಿಲ್ಲುಗಳಲ್ಲಿ ಬ್ಯಾಚ್ ನಂಬರಿನ ಪಕ್ಕದಲ್ಲಿ 06/27 ಎಂದು ಅವಧಿಯೂ ಅಚ್ಚಾಗಿರುತ್ತದೆ. ಆ ಬಿಲ್ಲನ್ನು ಮಾತ್ರೆಯ ತುಂಡಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಡಿ. ಬಿಲ್ಲಿನ ಶಾಯಿ ಬೇಗ ಮಾಸುವಂಥದ್ದಾದರೆ ಕವರಿನ ಮೇಲೆ ಮಾತ್ರೆಯ ಹೆಸರನ್ನೂ, ತಿಂಗಳ ಬದಲು ಕೊನೆಯ ದಿನವನ್ನೇ, 30-06-2027 ಎಂದು ಪೂರ್ತಿಯಾಗಿ ನೀವೇ ಬರೆದಿಡಿ. ಮನೆಯಲ್ಲಿ ಬೇರೆ ಯಾರು ತೆಗೆದು ನೋಡಿದರೂ ಎಣಿಸುವ ಕೆಲಸ ಉಳಿಯುವುದಿಲ್ಲ.